ಪಿಡಿಎಫ್ ಖಾಲಿ ಕಾಣುತ್ತಿದೆಯೇ? ಕೆಟ್ಟಿರುವುದು ಫೈಲೋ, ತೆರೆಯುವ ಆ್ಯಪೋ

ಪಿಡಿಎಫ್ ಕೈಕೊಡುವುದು ಎರಡು ಬಗೆಯಲ್ಲಿ. ಕೆಲವು ಫೈಲುಗಳು ತೆರೆಯುವುದೇ ಇಲ್ಲ. ಮುಟ್ಟಿದೊಡನೆ ಏನೋ ದೋಷವಿದೆ ಎಂಬ ಒಂದು ಸಾಲು ಬಂದು ನಿಲ್ಲುತ್ತದೆ. ಇನ್ನು ಕೆಲವು ಸಲೀಸಾಗಿ ತೆರೆಯುತ್ತವೆ, ಎಷ್ಟು ಪುಟ ಇರಬೇಕೋ ಅಷ್ಟೂ ಪುಟ ಇರುತ್ತವೆ, ಆದರೆ ಒಂದರಲ್ಲೂ ಅಕ್ಷರವಿರುವುದಿಲ್ಲ. ಎರಡನೆಯದು ಜನರನ್ನು ಹೆಚ್ಚು ಗೊಂದಲಕ್ಕೆ ಕೆಡವುತ್ತದೆ. ತೆರೆಯಿತಲ್ಲ, ಹಾಗಾದರೆ ಫೈಲು ಸರಿಯಿದೆ, ನನ್ನ ಫೋನಿನದೇ ತೊಂದರೆ ಎಂದು ಒಬ್ಬರು ಆ್ಯಪನ್ನು ಅಳಿಸಿ ಮತ್ತೆ ಹಾಕಿಕೊಳ್ಳುತ್ತಾರೆ. ಖಾಲಿಯಿದೆಯಲ್ಲ, ಹಾಗಾದರೆ ಫೈಲೇ ಹಾಳು ಎಂದು ಇನ್ನೊಬ್ಬರು ಚೆನ್ನಾಗಿರುವ ದಾಖಲೆಯನ್ನೇ ಅಳಿಸಿಬಿಡುತ್ತಾರೆ. ಮತ್ತೊಬ್ಬರು ಗಾಬರಿಯಲ್ಲಿ ಆಧಾರ್ ಪ್ರತಿಯನ್ನೋ ಕ್ರಯಪತ್ರವನ್ನೋ ಒಯ್ದು, ಪಿಡಿಎಫ್ ರಿಪೇರಿ ಮಾಡಿಕೊಡುತ್ತೇವೆ ಎನ್ನುವ ಯಾವುದೋ ಜಾಲತಾಣಕ್ಕೆ ಏರಿಸುತ್ತಾರೆ. ಈ ಮೂರನೆಯದು ನನಗೆ ನಿಜವಾಗಿ ಭಯ ಹುಟ್ಟಿಸುತ್ತದೆ. ಅಷ್ಟಕ್ಕೆಲ್ಲ ಹೋಗುವ ಮೊದಲು ಫೈಲನ್ನೇ ಕೇಳಬಹುದು. ಅದು ತನ್ನ ಸ್ಥಿತಿಯನ್ನು ತಕ್ಕಮಟ್ಟಿಗೆ ತಾನೇ ಹೇಳುತ್ತದೆ.

ಅದು ಏನು ಹೇಳುತ್ತಿದೆ ಎಂದು ತಿಳಿಯಲು ಪಿಡಿಎಫ್ ಒಳಗೆ ಹೇಗಿದೆ ಎಂಬುದು ಸ್ವಲ್ಪ ಗೊತ್ತಿರಬೇಕು. ಅಡೋಬಿ ಕಂಪನಿ ಇದನ್ನು 1993ರಲ್ಲಿ ಹೊರತಂದಿತು. 2008ರಲ್ಲಿ ಇದು ಅಂತರರಾಷ್ಟ್ರೀಯ ಮಾನಕವಾಯಿತು. ಅಂದಿನಿಂದ ಇಂದಿನವರೆಗೂ ಮೂಲ ರಚನೆ ಬದಲಾಗಿಲ್ಲ. ಫೈಲಿನ ಮೊದಲ ಸಾಲು `%PDF-1.7` ಎಂಬಂತಿರುತ್ತದೆ. ಕೊನೆಯ ಅಂಕಿ ಆವೃತ್ತಿಯದು. ಆಮೇಲೆ ಸಂಖ್ಯೆ ಹಾಕಿದ ತುಂಡುಗಳು ಒಂದಾದ ಮೇಲೊಂದು ಬರುತ್ತವೆ: ಪುಟಗಳ ಪಟ್ಟಿ ಒಂದು ತುಂಡು, ಪ್ರತಿ ಪುಟದ ವಿವರ ಒಂದೊಂದು ತುಂಡು, ಆ ಪುಟದಲ್ಲಿ ಬರೆಯಬೇಕಾದ ವಿಷಯ ಬೇರೆ ತುಂಡು, ಫಾಂಟ್ ಇನ್ನೊಂದು, ಚಿತ್ರ ಮತ್ತೊಂದು. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ವಿಳಾಸಪಟ್ಟಿ. ಎಷ್ಟನೆಯ ತುಂಡು ಫೈಲಿನ ಆರಂಭದಿಂದ ಎಷ್ಟನೆಯ ಬೈಟಿನಲ್ಲಿ ಶುರುವಾಗುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಆ ಪಟ್ಟಿ ಎಲ್ಲಿದೆ ಎಂದು ಹೇಳುವ `startxref` ಎಂಬ ಸಾಲು, ಅದರ ಕೆಳಗೆ ಒಂದು ಸಂಖ್ಯೆ, ಕಟ್ಟಕಡೆಗೆ `%%EOF`.

ಹಾಗಾಗಿ ಪಿಡಿಎಫ್ ತೆರೆಯುವ ಆ್ಯಪು ಫೈಲನ್ನು ಮೊದಲಿನಿಂದ ಓದುವುದಿಲ್ಲ. ಆರಂಭದ ಗುರುತನ್ನು ನೋಡಿಕೊಂಡು ನೇರ ಬಾಲಕ್ಕೆ ಹೋಗುತ್ತದೆ, ವಿಳಾಸಪಟ್ಟಿಯನ್ನು ಹುಡುಕುತ್ತದೆ, ಅಲ್ಲಿಂದ ಬೇಕಾದ ತುಂಡಿಗೆ ಹಾರುತ್ತದೆ. ಸಾವಿರ ಪುಟದ ಪುಸ್ತಕದಲ್ಲಿ ಏಳುನೂರನೆಯ ಪುಟ ತಟ್ಟನೆ ತೆರೆದುಕೊಳ್ಳುವುದು ಇದರಿಂದಲೇ. ಡೌನ್‌ಲೋಡ್ ಅರ್ಧಕ್ಕೆ ನಿಂತು ಬಾಲ ಕತ್ತರಿಸಿಹೋದರೆ, ಮುಂದಿನ ತೊಂಬತ್ತು ಭಾಗ ಚೆನ್ನಾಗಿದ್ದರೂ ಇಡೀ ಫೈಲು ತೆರೆಯಲು ಒಪ್ಪದೆ ಹೋಗುವುದೂ ಇದರಿಂದಲೇ.

ತೆರೆಯಲು ಒಪ್ಪದ ಫೈಲುಗಳನ್ನು ಮೊದಲು ನೋಡೋಣ. ಇವುಗಳ ಪತ್ತೆ ಸುಲಭ. ಫೈಲಿನ ಮೇಲೆ ಬಲಗುಂಡಿ ಒತ್ತಿ ಗಾತ್ರ ನೋಡಿ. ಸೊನ್ನೆ ಎಂದಿದ್ದರೆ ಹೆಸರು ಮಾತ್ರ ಬಂದಿದೆ, ಒಳಗೆ ಏನೂ ಇಲ್ಲ. ಎರಡು ಎಂಬಿ ಇರಬೇಕಾದ ದಾಖಲೆ ನಾಲ್ಕೈದು ಕೆಬಿ ಇದ್ದರೆ ಅದು ಬಹುಶಃ ಪಿಡಿಎಫ್ಫೇ ಅಲ್ಲ. ಖಚಿತಪಡಿಸಿಕೊಳ್ಳಲು ಫೈಲಿನ ಒಂದು ನಕಲು ಮಾಡಿ, ಆ ನಕಲನ್ನು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ನಕಲನ್ನೇ ತೆರೆಯಬೇಕು, ನೋಡಿದ ಮೇಲೆ ಸೇವ್ ಒತ್ತದೆ ಮುಚ್ಚಬೇಕು. ನೋಟ್‌ಪ್ಯಾಡಿನಲ್ಲಿ ಒಮ್ಮೆ ಸೇವ್ ಮಾಡಿದರೆ ಒಳ್ಳೆಯ ಪಿಡಿಎಫ್ಫೂ ಕೆಡಬಹುದು. ಅದು ಹೇಗೆ ಎಂಬುದು ಮುಂದೆ ಬರುತ್ತದೆ.

ಪರದೆಯ ತುಂಬ ಕಸದಂಥ ಚಿಹ್ನೆಗಳು ಕಾಣುತ್ತವೆ, ಅದು ಸಹಜ. ನಿಮಗೆ ಬೇಕಾದದ್ದು ಮೊದಲ ಸಾಲು ಮತ್ತು ಕೊನೆಯ ಸಾಲು ಮಾತ್ರ. ಮೊದಲಲ್ಲಿ `%PDF-` ಇದ್ದರೆ ಇದು ಪಿಡಿಎಫ್ ಆಗಿಯೇ ಹುಟ್ಟಿದ ಫೈಲು. ಅದರ ಬದಲು `<!DOCTYPE html>` ಎಂದಿದ್ದರೆ ನಿಮ್ಮ ಕೈಗೆ ಬಂದಿರುವುದು ಒಂದು ವೆಬ್ ಪುಟ. ಬ್ಯಾಂಕಿನದೋ ಸರ್ಕಾರಿ ಸೇವೆಯದೋ ತಾಣದಲ್ಲಿ ಲಾಗಿನ್ ಅವಧಿ ಮುಗಿದ ಮೇಲೆ ಡೌನ್‌ಲೋಡ್ ಒತ್ತಿದಾಗ ಹೀಗಾಗುತ್ತದೆ: ದಾಖಲೆಯ ಬದಲು ಮತ್ತೆ ಲಾಗಿನ್ ಆಗಿ ಎನ್ನುವ ಪುಟ ಬರುತ್ತದೆ, ಬ್ರೌಸರು ಅದನ್ನೇ `.pdf` ಎಂಬ ಹೆಸರಿನಲ್ಲಿ ಇಟ್ಟುಬಿಡುತ್ತದೆ. ಯಾವ ರಿಪೇರಿಯೂ ಇದನ್ನು ದಾಖಲೆ ಮಾಡಲಾರದು; ಮತ್ತೆ ಲಾಗಿನ್ ಆಗಿ ಇಳಿಸಿಕೊಳ್ಳಬೇಕು, ಅಷ್ಟೇ. ಮೊದಲ ಅಕ್ಷರಗಳು `PK` ಆಗಿದ್ದರೆ ಅದು ಜಿಪ್ ಅಥವಾ ವರ್ಡ್ ಫೈಲು, ಯಾರೋ ಹೆಸರು ಬದಲಿಸಿದ್ದಾರೆ. `.docx` ಎಂದೋ `.zip` ಎಂದೋ ಹೆಸರು ತಿದ್ದಿದರೆ ತೆರೆದುಕೊಳ್ಳುತ್ತದೆ.

ಇನ್ನೊಂದು ವಿಚಿತ್ರ ಆರಂಭವಿದೆ: `JVBERi0`. ಇದನ್ನು ಕಂಡರೆ ಸಮಾಧಾನ ಪಡಬೇಕು. ಇಮೇಲಿನಲ್ಲಿ ಲಗತ್ತುಗಳು ಬರಿಯ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಾಗಿ ಮಾರ್ಪಟ್ಟು ಪ್ರಯಾಣ ಮಾಡುತ್ತವೆ, ತಲುಪಿದ ಮೇಲೆ ಮೇಲ್ ತಂತ್ರಾಂಶ ಅದನ್ನು ಹಿಂದಿನ ರೂಪಕ್ಕೆ ತರುತ್ತದೆ. `%PDF-` ಎಂಬ ಆರಂಭ ಆ ಮಾರುವೇಷದಲ್ಲಿ `JVBERi0` ಆಗಿರುತ್ತದೆ. ಅಂದರೆ ನಿಮ್ಮ ದಾಖಲೆ ಪೂರ್ತಿ ಕ್ಷೇಮವಾಗಿದೆ, ವೇಷ ಕಳಚುವ ಕೆಲಸವೊಂದು ಬಾಕಿ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಒಂದೇ ಸಾಲು ಸಾಕು:

```
certutil -decode patra.pdf sari.pdf
```

ಆರಂಭ ಸರಿಯಿದ್ದರೆ ಕಂಟ್ರೋಲ್ ಜೊತೆ ಎಂಡ್ ಕೀ ಒತ್ತಿ ಬಾಲಕ್ಕೆ ಹೋಗಿ. ಅಲ್ಲಿ `%%EOF` ಇಲ್ಲದೆ ಕಸದ ನಡುವೆಯೇ ಫೈಲು ಮುಗಿದಿದ್ದರೆ ಅದು ಅರ್ಧ ಬಂದ ಫೈಲು. ಕ್ರೋಮ್‌ನಲ್ಲಿ ಇನ್ನೂ ಇಳಿಯುತ್ತಿರುವ ಫೈಲಿಗೆ `.crdownload` ಎಂಬ ಬಾಲವಿರುತ್ತದೆ. ಅವಸರದಲ್ಲಿ ಅದನ್ನೇ `.pdf` ಎಂದು ಹೆಸರಿಟ್ಟು ಕಳಿಸುವವರಿದ್ದಾರೆ. ಬಾಲವಿಲ್ಲದ ಫೈಲನ್ನು ಕೆಲವು ಆ್ಯಪುಗಳು ಒಪ್ಪುವುದೇ ಇಲ್ಲ. ಕೆಲವು ಮಾತ್ರ ಛಲ ಬಿಡದೆ ಇಡೀ ಫೈಲನ್ನು ಸಾಲುಸಾಲಾಗಿ ಜಾಲಾಡಿ, ಸಿಕ್ಕ ತುಂಡುಗಳಿಂದ ಹೊಸ ವಿಳಾಸಪಟ್ಟಿ ಕಟ್ಟಿಕೊಳ್ಳುತ್ತವೆ. ಆಗ ಮೊದಲ ಕೆಲವು ಪುಟ ಚೆನ್ನಾಗಿ ಕಂಡು, ಆಮೇಲಿನವೆಲ್ಲ ಬಿಳಿಯಾಗಿರುತ್ತವೆ. ಒಂದು ಜಾಗದಿಂದ ಮುಂದಕ್ಕೆ ಪೂರ್ತಿ ಖಾಲಿ ಎಂದರೆ ಮೊದಲು ಅನುಮಾನಿಸಬೇಕಾದದ್ದು ಕತ್ತರಿಸಿದ ಬಾಲವನ್ನೇ.

ಆರಂಭವೂ ಸರಿ, ಬಾಲವೂ ಸರಿ, ಆದರೂ ತೆರೆಯುವುದಿಲ್ಲ ಎಂದಾದರೆ ಅದಕ್ಕೆ ಗುಪ್ತಪದವಿರಬಹುದು. ಇ-ಆಧಾರ್ ಇದಕ್ಕೆ ಎಲ್ಲರಿಗೂ ಪರಿಚಿತವಾದ ಉದಾಹರಣೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡಕ್ಷರದಲ್ಲಿ, ಜೊತೆಗೆ ಹುಟ್ಟಿದ ವರ್ಷ, ಇದೇ ಅದರ ಗುಪ್ತಪದ. ಫೋನಿನ ಕೆಲವು ಹಗುರ ಆ್ಯಪುಗಳಿಗೆ ಗುಪ್ತಪದ ಕೇಳುವುದೇ ಗೊತ್ತಿಲ್ಲ. ಅವು ಕೇಳುವ ಬದಲು ಫೈಲು ಹಾಳಾಗಿದೆ ಎಂದು ಹೇಳಿ ಕೈತೊಳೆದುಕೊಳ್ಳುತ್ತವೆ. ಇಲ್ಲಿ ತಪ್ಪು ಪೂರ್ತಿ ಆ್ಯಪಿನದು.

ಇಲ್ಲಿಂದ ಮುಂದೆ ಇನ್ನೊಂದು ಆ್ಯಪಿನಲ್ಲಿ ತೆರೆದುನೋಡಬೇಕು. ಎಲ್ಲರೂ ಕೊಡುವ ಸಲಹೆ ಇದೇ, ಆದರೆ ಅದರಲ್ಲಿ ಒಂದು ದೊಡ್ಡ ಲೋಪವಿದೆ. ಆ್ಯಪಿನ ಹೆಸರು ಬೇರೆಯಾದ ಮಾತ್ರಕ್ಕೆ ಒಳಗಿನ ಯಂತ್ರ ಬೇರೆಯಾಗುವುದಿಲ್ಲ. ಪಿಡಿಎಫನ್ನು ಓದಿ ಪುಟವಾಗಿ ಬಿಡಿಸುವ ತಂತ್ರಾಂಶದ ತಿರುಳುಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಹೆಚ್ಚಾಗಿ ಬಳಕೆಯಲ್ಲಿವೆ. ಕ್ರೋಮ್‌ನಲ್ಲಿರುವುದು ಪಿಡಿಎಫಿಯಂ. ಕ್ರೋಮಿಯಂ ಮೇಲೆ ಕಟ್ಟಿದ ಬ್ರೇವ್‌ನಂಥ ಬ್ರೌಸರುಗಳಲ್ಲೂ ಅದೇ. ಆಂಡ್ರಾಯ್ಡ್ ತನ್ನ ಆ್ಯಪುಗಳಿಗೆ ಒದಗಿಸುವ ಪಿಡಿಎಫ್ ಸೌಲಭ್ಯದ ಒಳಗಿರುವುದೂ ಅದೇ. ಆದ್ದರಿಂದ ಫೋನಿನಲ್ಲೂ ನೋಡಿದೆ, ಲ್ಯಾಪ್‌ಟಾಪಿನ ಕ್ರೋಮ್‌ನಲ್ಲೂ ನೋಡಿದೆ, ಎರಡರಲ್ಲೂ ಖಾಲಿ ಎಂದು ಯಾರಾದರೂ ಹೇಳಿದರೆ, ಅವರು ಒಬ್ಬನೇ ಸಾಕ್ಷಿಯನ್ನು ಎರಡು ಸಲ ವಿಚಾರಿಸಿರುವ ಸಂಭವವಿದೆ. ಫೈರ್‌ಫಾಕ್ಸ್‌ನಲ್ಲಿರುವುದು ಪಿಡಿಎಫ್.ಜೆಎಸ್ ಎಂಬ ಬೇರೆಯೇ ತಿರುಳು, ಮೊಜಿಲ್ಲಾದವರು ಬರೆದದ್ದು. ಸುಮಾತ್ರ ಪಿಡಿಎಫ್ ಎಂಬ ಪುಟ್ಟ ಉಚಿತ ಆ್ಯಪಿನಲ್ಲಿರುವುದು ಮ್ಯೂಪಿಡಿಎಫ್. ಲಿನಕ್ಸಿನ ಎವಿನ್ಸ್, ಓಕ್ಯುಲರ್‌ಗಳಲ್ಲಿ ಪಾಪ್ಲರ್. ಆ್ಯಪಲ್‌ನದು ಆ್ಯಪಲ್‌ನದೇ, ಅಡೋಬಿ ಅಕ್ರೋಬ್ಯಾಟ್ ರೀಡರಿನದು ಅಡೋಬಿಯದೇ. ಕ್ರೋಮ್, ಫೈರ್‌ಫಾಕ್ಸ್, ಅಕ್ರೋಬ್ಯಾಟ್ ರೀಡರ್ ಈ ಮೂರರಲ್ಲಿ ತೆರೆದುನೋಡಿದರೆ ಮೂವರು ನಿಜವಾಗಿ ಬೇರೆಬೇರೆ ಸಾಕ್ಷಿಗಳು ಸಿಕ್ಕಂತಾಯಿತು. ಒಬ್ಬರಿಗಾದರೂ ಪುಟ ಪೂರ್ತಿಯಾಗಿ ಕಂಡರೆ ಫೈಲಿನಲ್ಲಿ ವಿಷಯವಿದೆ. ಮೂವರಿಗೂ ಕಾಣದಿದ್ದರೆ ಅನುಮಾನ ಫೈಲಿನ ಕಡೆಗೆ ವಾಲುತ್ತದೆ.

ಆ್ಯಪಿನ ದೋಷದಿಂದ ಖಾಲಿ ಕಾಣುವುದಕ್ಕೆ ಕಾರಣಗಳು ಹಲವು. ಹೆಚ್ಚಾಗಿ ಎದುರಾಗುವುದನ್ನು ಹೇಳುತ್ತೇನೆ. ಗಣಕದ ಗ್ರಾಫಿಕ್ಸ್ ಚಿಪ್ಪಿಗೆ ಪುಟ ಬಿಡಿಸುವ ಕೆಲಸವನ್ನು ಒಪ್ಪಿಸಿ, ಆ ಚಿಪ್ಪಿನ ಡ್ರೈವರಿನಲ್ಲಿ ತೊಂದರೆಯಿದ್ದರೆ ಪುಟ ಬಿಳಿಯಾಗಿಯೋ ಕಪ್ಪಾಗಿಯೋ ಬರುತ್ತದೆ. ಆಗ ಒಂದೇ ಫೈಲಲ್ಲ, ಆ ಗಣಕದಲ್ಲಿ ಆ ಆ್ಯಪಿನಿಂದ ತೆರೆದ ಬೇರೆ ಪಿಡಿಎಫ್‌ಗಳೂ ಹಾಗೆಯೇ ಕಾಣುತ್ತವೆ. ಆದ್ದರಿಂದ ಈ ಹಿಂದೆ ಚೆನ್ನಾಗಿ ತೆರೆದುಕೊಂಡಿದ್ದ ಹಳೆಯ ಪಿಡಿಎಫ್ ಒಂದನ್ನು ತೆರೆದುನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಅದೂ ಖಾಲಿಯಾದರೆ ಹೊಸ ಫೈಲು ನಿರಪರಾಧಿ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ವಿಭಾಗದೊಳಗೆ ಗ್ರಾಫಿಕ್ಸ್ ಆ್ಯಕ್ಸಿಲರೇಷನ್ ಆಯ್ಕೆಯನ್ನು ಆರಿಸಿ, ಬ್ರೌಸರನ್ನು ಮುಚ್ಚಿ ಮತ್ತೆ ತೆರೆಯಿರಿ. ಅಕ್ರೋಬ್ಯಾಟ್ ರೀಡರಿನಲ್ಲಿ ಇಂಥದೇ ಆಯ್ಕೆ ಪ್ರಿಫರೆನ್ಸಸ್‌ನ ಪೇಜ್ ಡಿಸ್‌ಪ್ಲೇ ಭಾಗದಲ್ಲಿದೆ.

ಇನ್ನೊಂದು ಬಗೆ, ತುಂಬುವ ಅರ್ಜಿಗಳದು. ಕೆನಡಾದ ವಲಸೆ ಇಲಾಖೆಯ ಅರ್ಜಿಗಳನ್ನು ಇಳಿಸಿಕೊಂಡ ನಮ್ಮ ಹುಡುಗರು ಅನೇಕರಿಗೆ ಅದರ ಅನುಭವವಿರುತ್ತದೆ: ಅರ್ಜಿಯ ಬದಲು ಬಿಳಿ ಹಾಳೆಯ ಮೇಲೆ `Please wait...` ಎಂದು ಶುರುವಾಗುವ ಕೆಲವು ಸಾಲು. ಎಷ್ಟು ಹೊತ್ತು ಕಾದರೂ ಬೇರೇನೂ ಬರುವುದಿಲ್ಲ. ಆ ಫೈಲು ಕೆಟ್ಟಿಲ್ಲ. ಎಕ್ಸ್‌ಎಫ್‌ಎ ಎಂಬ ಅಡೋಬಿಯ ಹಳೆಯ ವಿಧಾನದಲ್ಲಿ ಅರ್ಜಿಯನ್ನು ಪಿಡಿಎಫ್ ಹೊದಿಕೆಯೊಳಗೆ ಬೇರೆಯಾಗಿ ಇಟ್ಟಿರುತ್ತಾರೆ. ಅದು ಅರ್ಥವಾಗದ ಆ್ಯಪಿಗೆ ಹೊದಿಕೆಯಷ್ಟೇ ಕಾಣುತ್ತದೆ. 2017ರ ಪಿಡಿಎಫ್ 2.0 ಮಾನಕ ಈ ವಿಧಾನವನ್ನು ಕೈಬಿಟ್ಟಿದೆ, ಆದರೂ ಅರ್ಜಿಗಳು ಉಳಿದುಕೊಂಡಿವೆ. ಅದನ್ನು ಡೌನ್‌ಲೋಡ್ ಮಾಡಿಟ್ಟುಕೊಂಡು, ಗಣಕದಲ್ಲಿ ಅಕ್ರೋಬ್ಯಾಟ್ ರೀಡರಿನಿಂದ ತೆರೆದರೆ ಅರ್ಜಿ ಮೂಡುತ್ತದೆ. ಹೆಚ್ಚಿನ ಬ್ರೌಸರುಗಳೊಳಗೆ ತೆರೆದು ಹೆಣಗುವುದರಲ್ಲಿ ಅರ್ಥವಿಲ್ಲ.

ಹಾಗೆಯೇ ಸ್ಕ್ಯಾನ್ ಮಾಡಿದ ಹಳೆಯ ದಾಖಲೆಗಳು. ಇವುಗಳ ಪ್ರತಿ ಪುಟವೂ ಒಂದು ಚಿತ್ರ. ಆ ಚಿತ್ರವನ್ನು ಜೆಪೆಗ್ 2000 ಅಥವಾ ಜೆಬಿಗ್ 2 ಎಂಬ ವಿಧಾನದಲ್ಲಿ ಒತ್ತಿ ಚಿಕ್ಕದು ಮಾಡಿದ್ದರೆ, ಆ ವಿಧಾನ ತಿಳಿಯದ ಹಗುರ ಆ್ಯಪು ಚಿತ್ರದ ಜಾಗವನ್ನು ಬಿಳಿಯಾಗಿ ಬಿಡುತ್ತದೆ. ಪುಟವೆಂದರೆ ಚಿತ್ರವೇ ಆಗಿರುವುದರಿಂದ ಪುಟವೆಲ್ಲ ಬಿಳಿ.

ಇನ್ನೊಂದನ್ನು ಖಾಲಿ ಪುಟದ ಜೊತೆ ಸೇರಿಸಬಾರದು, ಆದರೆ ಜನ ಸೇರಿಸುತ್ತಾರೆ: ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಗೊಂಚಲು ಕಾಣುವುದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿ, ಫಾಂಟನ್ನು ಪಿಡಿಎಫ್ ಒಳಗೆ ಸೇರಿಸದೆ ಕಳಿಸಿದಾಗ ಹೀಗಾಗುತ್ತದೆ. ಫೈಲೂ ಕೆಟ್ಟಿಲ್ಲ, ಆ್ಯಪೂ ಕೆಟ್ಟಿಲ್ಲ. ಫಾಂಟ್ ಸೇರಿಸಿ ಮತ್ತೆ ಪಿಡಿಎಫ್ ಮಾಡಿಕೊಡಿ ಎಂದು ಕಳಿಸಿದವರನ್ನೇ ಕೇಳಬೇಕು.

ಖಾಲಿ ಕಾಣುವ ಪುಟದಲ್ಲಿ ಬರಹ ಇದೆಯೋ ಇಲ್ಲವೋ ಎಂದು ತಿಳಿಯಲು ಒಂದು ಉಪಾಯವಿದೆ. ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲವನ್ನೂ ಆಯ್ದುಕೊಳ್ಳಿ, ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಅಕ್ಷರಗಳು ಬಿದ್ದರೆ ವಿಷಯ ಜೀವಂತವಾಗಿದೆ, ಬಿಡಿಸುವ ಹಂತದಲ್ಲಿ ತಪ್ಪಿದೆ. ಕನ್ನಡ ಅಕ್ಷರಗಳು ಕಲಸಿಹೋಗಿ ಬೀಳಬಹುದು, ಅದಕ್ಕೆ ಚಿಂತೆ ಬೇಡ. ಏನೂ ಬೀಳದಿದ್ದರೆ ಮಾತ್ರ ತೀರ್ಮಾನಕ್ಕೆ ಬರಬೇಡಿ, ಸ್ಕ್ಯಾನ್ ಮಾಡಿದ ಪುಟದಲ್ಲಿ ಆಯ್ದುಕೊಳ್ಳಲು ಅಕ್ಷರಗಳೇ ಇರುವುದಿಲ್ಲ.

ಈಗ ಅತ್ಯಂತ ಮೋಸದ ಪ್ರಕರಣಕ್ಕೆ ಬರೋಣ. ಇಲ್ಲಿ ಫೈಲು ನಿಜವಾಗಿಯೂ ಕೆಟ್ಟಿದೆ, ಆದರೂ ಎಲ್ಲ ಆ್ಯಪುಗಳೂ ಅದನ್ನು ಸಂತೋಷವಾಗಿ ತೆರೆಯುತ್ತವೆ. ಒಂದು ಸಹಕಾರ ಸಂಘವಿದೆ ಎನ್ನೋಣ. ಲೆಕ್ಕಪರಿಶೋಧಕರು ವರ್ಡ್‌ನಲ್ಲಿ ವರದಿ ಬರೆದು 36 ಪುಟದ ಪಿಡಿಎಫ್ ಮಾಡಿ ಕಾರ್ಯದರ್ಶಿಗೆ ಕೊಟ್ಟರು. ಅದನ್ನು ಸಂಘಕ್ಕೆಂದು ಯಾರೋ ಬರೆದುಕೊಟ್ಟ ಒಂದು ತಂತ್ರಾಂಶಕ್ಕೆ ಏರಿಸಿ, ಅಲ್ಲಿಂದ ಎಲ್ಲ ನಿರ್ದೇಶಕರಿಗೂ ಇಮೇಲ್ ಹೋಯಿತು. ನಿರ್ದೇಶಕರು ಫೋನಿನಲ್ಲಿ ತೆರೆದರೆ 36 ಪುಟ, 36ರಲ್ಲೂ ಏನಿಲ್ಲ. ಫೈರ್‌ಫಾಕ್ಸ್‌ನಲ್ಲಿ ಖಾಲಿ. ಸುಮಾತ್ರದಲ್ಲಿ ಖಾಲಿ. ಕಾಪಿ ಮಾಡಿದರೆ ಒಂದಕ್ಷರವೂ ಬೀಳುವುದಿಲ್ಲ, ಇದು ಸ್ಕ್ಯಾನ್ ಮಾಡಿದ್ದೂ ಅಲ್ಲ. ನೋಟ್‌ಪ್ಯಾಡಿನಲ್ಲಿ ನೋಡಿದರೆ ಆರಂಭದಲ್ಲಿ `%PDF-1.7` ಇದೆ, ಕೊನೆಯಲ್ಲಿ `%%EOF` ಇದೆ. ಇಲ್ಲಿಯವರೆಗಿನ ಪರೀಕ್ಷೆಗಳಲ್ಲಿ ಎರಡು ಫೈಲು ಸರಿ ಎನ್ನುತ್ತವೆ, ಎರಡು ಸರಿಯಿಲ್ಲ ಎನ್ನುತ್ತವೆ. ಸುಳಿವು ಸಿಗುವುದು ಗಾತ್ರದಲ್ಲಿ. ಲೆಕ್ಕಪರಿಶೋಧಕರ ಗಣಕದಲ್ಲಿ ಫೈಲು 1.2 ಎಂಬಿ. ನಿರ್ದೇಶಕರಿಗೆ ಬಂದದ್ದು 2.1 ಎಂಬಿ. ದಾರಿಯಲ್ಲಿ ಕಳೆದುಹೋಗುವುದು ಗೊತ್ತು, ಬೆಳೆಯುವುದು ಹೇಗೆ?

ಪಿಡಿಎಫ್ ಒಳಗೆ ಎರಡು ಜಾತಿಯ ಬರಹವಿದೆ. ಪುಟಗಳ ಪಟ್ಟಿಯಂಥ ಚೌಕಟ್ಟಿನ ಭಾಗ ಸಾದಾ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಪುಟದ ವಿಷಯ, ಫಾಂಟ್, ಚಿತ್ರಗಳನ್ನು ಮಾತ್ರ ಒತ್ತಿ ಸಂಕುಚಿಸಿಟ್ಟಿರುತ್ತಾರೆ. ಅಲ್ಲಿ 0ಯಿಂದ 255ರವರೆಗೆ ಯಾವ ಬೈಟು ಬೇಕಾದರೂ ಬರುತ್ತದೆ. ಸಂಘದ ತಂತ್ರಾಂಶ ಬರೆದವರು ಫೈಲನ್ನು ಬೈಟುಗಳಾಗಿ ಓದುವ ಬದಲು ಪಠ್ಯವೆಂದು, ಯುಟಿಎಫ್-8 ಎಂದು ಓದಿ, ಮತ್ತೆ ಹಾಗೆಯೇ ಬರೆದಿದ್ದಾರೆ. ಸಾದಾ ಇಂಗ್ಲಿಷ್ ಅಕ್ಷರಕ್ಕೆ ಇದರಿಂದ ಏನೂ ಆಗುವುದಿಲ್ಲ. ಆದರೆ 127ಕ್ಕಿಂತ ದೊಡ್ಡ ಬೈಟು ಯುಟಿಎಫ್-8ರ ನಿಯಮಕ್ಕೆ ಒಗ್ಗದಿದ್ದರೆ, ಅದನ್ನು ಎಸೆದು ಅದರ ಜಾಗದಲ್ಲಿ ಅರ್ಥವಾಗಲಿಲ್ಲ ಎಂಬ ಒಂದೇ ಚಿಹ್ನೆಯನ್ನು ಇಡುತ್ತಾರೆ. ಆ ಚಿಹ್ನೆಗೆ ಮೂರು ಬೈಟು: `EF BF BD`. ಸಂಕುಚಿತ ಭಾಗದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬೈಟುಗಳು 127ಕ್ಕಿಂತ ದೊಡ್ಡವು. ಅರ್ಧ ಇದ್ದಂತೆ ಉಳಿದು ಇನ್ನರ್ಧ ಮೂರು ಪಟ್ಟಾದರೆ ಫೈಲು ಎರಡು ಪಟ್ಟಿನ ಹತ್ತಿರಕ್ಕೆ ಬೆಳೆಯುತ್ತದೆ. 1.2 ಎಂಬಿ 2.1 ಆದದ್ದು ಹೀಗೆ.

ಪುಟದ ಎಣಿಕೆ ಸರಿಯಾಗಿ ಬಂದು ಪುಟ ಖಾಲಿಯಾಗುವುದಕ್ಕೂ ಇದೇ ಉತ್ತರ. ಬೈಟುಗಳು ಸರಿದದ್ದರಿಂದ ವಿಳಾಸಪಟ್ಟಿಯ ಸಂಖ್ಯೆಗಳೆಲ್ಲ ತಪ್ಪಾದವು. ಆ್ಯಪು ಸದ್ದಿಲ್ಲದೆ ಫೈಲನ್ನು ಜಾಲಾಡಿ ಹೊಸ ಪಟ್ಟಿ ಕಟ್ಟಿಕೊಂಡಿತು. ಚೌಕಟ್ಟು ಉಳಿದಿದ್ದರಿಂದ 36 ಪುಟ ಸಿಕ್ಕವು. ಪುಟದ ವಿಷಯವನ್ನು ಬಿಚ್ಚಲು ಹೋದಾಗ ಅಲ್ಲಿ ಬಿಚ್ಚಲು ಏನೂ ಉಳಿದಿರಲಿಲ್ಲ. ವರ್ಡ್ ಮಾಡಿದ ಪಿಡಿಎಫ್‌ನಲ್ಲಿ ಪುಟಗಳ ಪಟ್ಟಿ ಬಿಚ್ಚಾಗಿರುವುದರಿಂದ ಹೀಗಾಯಿತು. ಕೆಲವು ತಂತ್ರಾಂಶಗಳು ಆ ಪಟ್ಟಿಯನ್ನೂ ಸಂಕುಚಿತ ತುಂಡಿನೊಳಗೇ ಸೇರಿಸುತ್ತವೆ. ಅಂಥ ಫೈಲಿಗೆ ಇದೇ ಪೆಟ್ಟು ಬಿದ್ದರೆ ಅದು ತೆರೆಯುವುದೇ ಇಲ್ಲ. ಅಂದರೆ ಖಾಲಿ ಪುಟವೂ ತೆರೆಯದ ಫೈಲೂ ಒಂದೇ ರೋಗದ ಎರಡು ಮುಖವಾಗಿರಬಹುದು.

ಈ ಪೆಟ್ಟನ್ನು ಕಣ್ಣಾರೆ ನೋಡಬಹುದು. ನೋಟ್‌ಪ್ಯಾಡಿನಲ್ಲಿ ಪ್ರಶ್ನಾರ್ಥಕವಿರುವ ಕಪ್ಪು ವಜ್ರದ ಚಿಹ್ನೆಗಳು ಕಂಡವೆಂದು ನಂಬಬೇಡಿ. ಒಳ್ಳೆಯ ಫೈಲನ್ನು ತೋರಿಸುವಾಗಲೂ ಪಠ್ಯ ತೆರೆಯುವ ಆ್ಯಪು ತನಗೆ ತಿಳಿಯದ ಬೈಟಿಗೆ ಅದೇ ಚಿಹ್ನೆ ಹಾಕಬಹುದು. ಆಗ ಅದನ್ನು ಸೇವ್ ಮಾಡಿದರೆ, ಕಾಣಿಸಿದ್ದೇ ನಿಜವಾಗಿಬಿಡುತ್ತದೆ. ಸೇವ್ ಒತ್ತಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೆ. ಬೈಟುಗಳನ್ನೇ ನೋಡಬೇಕು, ಅದಕ್ಕೆ ವಿಂಡೋಸಿನ ಪವರ್‌ಶೆಲ್‌ನಲ್ಲಿ ಒಂದು ಆದೇಶವಿದೆ:

```
Format-Hex .\varadi.pdf | Select-Object -First 40
```

ಪಿಡಿಎಫ್‌ನ ಎರಡನೆಯ ಸಾಲಿನಲ್ಲಿ ಸಾಮಾನ್ಯವಾಗಿ ಶೇಕಡಾ ಚಿಹ್ನೆಯ ನಂತರ 127ಕ್ಕಿಂತ ದೊಡ್ಡದಾದ ನಾಲ್ಕು ಬೈಟುಗಳಿರುತ್ತವೆ. ಓದುವವರಿಗೆ ಅದರಿಂದ ಉಪಯೋಗವಿಲ್ಲ. ಇದು ಪಠ್ಯವಲ್ಲ, ಮುಟ್ಟದೆ ಸಾಗಿಸಿ ಎಂದು ಫೈಲು ಸಾಗಿಸುವ ತಂತ್ರಾಂಶಗಳಿಗೆ ತಿಳಿಸುವುದಕ್ಕೆಂದೇ ಅದನ್ನು ಅಲ್ಲಿಟ್ಟಿದ್ದಾರೆ. ವರ್ಡ್ ಹಾಕುವುದು `B5` ಎಂಬ ಬೈಟನ್ನು ನಾಲ್ಕು ಸಲ. ಲೆಕ್ಕಪರಿಶೋಧಕರ ಗಣಕದಲ್ಲಿರುವ ಫೈಲಿನ ಮೊದಲ 16 ಬೈಟು ಹೀಗಿರುತ್ತವೆ:

```
25 50 44 46 2D 31 2E 37 0D 0A 25 B5 B5 B5 B5 0D
```

ನಿರ್ದೇಶಕರಿಗೆ ಬಂದ ಫೈಲಿನಲ್ಲಿ:

```
25 50 44 46 2D 31 2E 37 0D 0A 25 EF BF BD EF BF
```

ಎಚ್ಚರಿಕೆಯ ಸಾಲೇ ಮೊದಲ ಬಲಿ. ಇಷ್ಟು ಕಂಡಮೇಲೆ ಆ ಫೈಲಿನ ಮೇಲೆ ಇನ್ನು ಸಮಯ ಕಳೆಯಬಾರದು. ಬೇರೆಬೇರೆಯಾಗಿದ್ದ ನೂರಕ್ಕೂ ಹೆಚ್ಚು ಬಗೆಯ ಬೈಟುಗಳು ಒಂದೇ ಚಿಹ್ನೆಯಾಗಿವೆ. ಯಾವುದು ಯಾವುದಾಗಿತ್ತು ಎಂಬ ಮಾಹಿತಿ ಈ ಫೈಲಿನಲ್ಲಿ ಎಲ್ಲೂ ಇಲ್ಲ. ಹಣ ಪಡೆದು ರಿಪೇರಿ ಮಾಡಿಕೊಡುವವರೂ ಇದನ್ನು ಹಿಂದಕ್ಕೆ ತರಲಾರರು.

ಇದೇ ಜಾಗದಲ್ಲಿ `C2 B5 C2 B5 C2 B5 C2 B5` ಎಂದು ಕಂಡರೆ ಮಾತು ಬೇರೆ. ಆಗ ತಂತ್ರಾಂಶ ಪ್ರತಿ ಬೈಟನ್ನೂ ಒಂದು ಯುರೋಪಿಯನ್ ಅಕ್ಷರವೆಂದು ಓದಿ, ಅದನ್ನು ಯುಟಿಎಫ್-8 ಆಗಿ ಬರೆದಿದೆ. ಒಂದು ದೊಡ್ಡ ಬೈಟು ಎರಡಾಗಿದೆ, ಆದರೆ ಯಾವುದೂ ಕಳೆದಿಲ್ಲ. ಫೈಲು ಒಂದೂವರೆ ಪಟ್ಟಿನಷ್ಟು ಬೆಳೆದಿರುತ್ತದೆ, ನಮ್ಮ 1.2 ಎಂಬಿ ವರದಿಯಾಗಿದ್ದರೆ 1.8ರ ಸುಮಾರಿಗೆ. ಪುಟ ಇಲ್ಲೂ ಅಷ್ಟೇ ಖಾಲಿ, ಪರದೆಯ ಮೇಲೆ ಇವೆರಡಕ್ಕೂ ಭೇದವೇ ಕಾಣದು. ಆದರೆ ಇದನ್ನು ಪವರ್‌ಶೆಲ್‌ನ ಎರಡು ಸಾಲಿನಲ್ಲಿ ಹಿಂದಕ್ಕೆ ತಿರುಗಿಸಬಹುದು:

```
$t = [IO.File]::ReadAllText("C:\tmp\varadi.pdf", [Text.Encoding]::UTF8)
[IO.File]::WriteAllBytes("C:\tmp\sari.pdf", [Text.Encoding]::GetEncoding(28591).GetBytes($t))
```

ತಿರುಗಿಸಿದ ಫೈಲಿನ ಗಾತ್ರ ಮೂಲದ ಗಾತ್ರಕ್ಕೆ ಸರಿಹೊಂದಿ ಪುಟಗಳು ಕಂಡರೆ ಕೆಲಸವಾಯಿತು. ಗಾತ್ರ ಹೊಂದಿಯೂ ಕೆಲವು ಪುಟ ಖಾಲಿ ಉಳಿದರೆ, ಮಧ್ಯದಲ್ಲಿ ಬಳಸಿದ ಅಕ್ಷರಪಟ್ಟಿ ವಿಂಡೋಸಿನದಾಗಿರಬಹುದು. `28591` ಬದಲು `1252` ಹಾಕಿ ನೋಡಬಹುದು. ಆ ಪಟ್ಟಿಯಲ್ಲಿ ಐದು ಬೈಟುಗಳಿಗೆ ಅಕ್ಷರವೇ ಇಲ್ಲದ್ದರಿಂದ ಪೂರ್ತಿ ಸರಿಹೋಗುವ ಭರವಸೆ ಕೊಡಲಾರೆ.

ಇಷ್ಟೆಲ್ಲ ಬೈಟು ನೋಡುವುದು ಬೇಡ ಎನ್ನುವವರಿಗೆ ಕ್ಯುಪಿಡಿಎಫ್ ಎಂಬ ಉಚಿತ ಸಾಧನವಿದೆ. ಅದು ಪುಟವನ್ನು ತೋರಿಸುವುದಿಲ್ಲ, ಫೈಲಿನ ಒಳರಚನೆಯನ್ನು ತಪಾಸಣೆ ಮಾಡಿ ವರದಿ ಕೊಡುತ್ತದೆ. ನಿಮ್ಮ ಗಣಕದಲ್ಲೇ ಕೆಲಸ ಮಾಡುವುದರಿಂದ ದಾಖಲೆ ಹೊರಗೆ ಹೋಗುವುದಿಲ್ಲ.

```
qpdf --check varadi.pdf
```

ವರದಿಯಲ್ಲಿ ಎರಡು ಮಾತನ್ನು ಬೇರೆಬೇರೆಯಾಗಿ ಓದಬೇಕು. `file is damaged`, `Attempting to reconstruct cross-reference table` ಎಂದಷ್ಟೇ ಬಂದರೆ ಕೆಟ್ಟಿರುವುದು ವಿಳಾಸಪಟ್ಟಿ. ಆಗ `qpdf varadi.pdf hosa.pdf` ಎಂದು ಕೊಟ್ಟರೆ ಹೊಸ ಪಟ್ಟಿಯಿರುವ ಫೈಲು ಸಿಗುತ್ತದೆ, ಸಾಮಾನ್ಯವಾಗಿ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ. `error decoding stream data` ಎಂದು ಬಂದರೆ ಪೆಟ್ಟು ವಿಷಯಕ್ಕೇ ಬಿದ್ದಿದೆ. ರಿಪೇರಿ ತಾಣಗಳು ಯಶಸ್ವಿ ಎಂದು ಹೇಳಿ ಮತ್ತೆ ಖಾಲಿ ಪುಟಗಳನ್ನೇ ಕೈಗಿಡುವುದು ಈ ಎರಡನ್ನು ಬೇರ್ಪಡಿಸದೆ ಇರುವುದರಿಂದ. ಅವು ಪಟ್ಟಿಯನ್ನು ಮಾತ್ರ ಕಟ್ಟಿಕೊಡುತ್ತವೆ. ಯಾವ ದೋಷವೂ ಇಲ್ಲ ಎಂದು ವರದಿ ಬಂದು ಪುಟ ಖಾಲಿಯಿದ್ದರೆ ಆ್ಯಪಿನ ಕಡೆ ತಿರುಗಬೇಕು. ಅಕ್ರೋಬ್ಯಾಟ್‌ನಲ್ಲೂ ಒಂದು ಸಣ್ಣ ಸುಳಿವಿದೆ: ನೀವು ಏನನ್ನೂ ಬದಲಿಸದೆ ಮುಚ್ಚುವಾಗ ಬದಲಾವಣೆ ಉಳಿಸಬೇಕೇ ಎಂದು ಅದು ಕೇಳಿದರೆ, ತೆರೆಯುವಾಗ ಅದು ಒಳಗೊಳಗೆ ಪಟ್ಟಿಯನ್ನು ಸರಿಪಡಿಸಿಕೊಂಡಿರಬಹುದು.

ಒಂದು ಎಚ್ಚರಿಕೆ ಹೇಳಲೇಬೇಕು. ಡಿಜಿಟಲ್ ಸಹಿ ಇರುವ ದಾಖಲೆಯನ್ನು ಹೀಗೆ ಮರುಬರೆದರೆ ಪುಟ ಕಾಣಬಹುದು, ಆದರೆ ಸಹಿ ಬಿದ್ದುಹೋಗುತ್ತದೆ. ಸಹಿ ನಿಂತಿರುವುದೇ ಬೈಟುಗಳು ಬದಲಾಗಿಲ್ಲ ಎಂಬುದರ ಮೇಲೆ. ಓದಿಕೊಳ್ಳಲು ಆ ಪ್ರತಿ ಸಾಕು, ಕಚೇರಿಗೆ ಕೊಡಲು ಮೂಲವನ್ನೇ ಮತ್ತೆ ಇಳಿಸಿಕೊಳ್ಳಬೇಕು.

ಸಹಕಾರ ಸಂಘದ ವರದಿಗೆ ಉಳಿದ ದಾರಿ ಮತ್ತೆ ಕಳಿಸುವುದೊಂದೇ. ಅದೇ ತಂತ್ರಾಂಶದಿಂದ ನೂರು ಸಲ ಕಳಿಸಿದರೂ ನೂರು ಸಲವೂ ಖಾಲಿಯೇ ಬರುತ್ತದೆ, ದೋಷವಿರುವುದು ದಾರಿಯಲ್ಲಿ. ಆದ್ದರಿಂದ ಲೆಕ್ಕಪರಿಶೋಧಕರು ವರದಿಯನ್ನು ಜಿಪ್ ಮಾಡಿ ತಮ್ಮ ಸ್ವಂತ ಇಮೇಲಿನಿಂದ ಕಳಿಸಲಿ. ಜಿಪ್ ತನ್ನೊಳಗೆ ಪ್ರತಿ ಫೈಲಿಗೂ ಒಂದು ತಾಳೆಸಂಖ್ಯೆ ಇಟ್ಟುಕೊಂಡಿರುತ್ತದೆ. ದಾರಿಯಲ್ಲಿ ಫೈಲು ಕೆಟ್ಟಿದ್ದರೆ ಬಿಚ್ಚುವಾಗಲೇ ದೂರು ಬರುತ್ತದೆ, ಖಾಲಿ ಪುಟವಾಗಿ ಅಡಗಿ ಕೂರುವುದಿಲ್ಲ. ಇನ್ನೂ ಖಚಿತವಾಗಬೇಕೆಂದರೆ ಎರಡೂ ಕಡೆ ಈ ಆದೇಶ ಕೊಟ್ಟು, ಬಂದ 64 ಅಕ್ಷರಗಳನ್ನು ಫೋನಿನಲ್ಲಿ ಓದಿ ಹೋಲಿಸಬಹುದು. ಮೊದಲ ಎಂಟು, ಕೊನೆಯ ಎಂಟು ಹೊಂದಿದರೆ ಸಾಕು.

```
certutil -hashfile varadi.pdf SHA256
```

ತಂತ್ರಾಂಶ ಬರೆದವರಿಗೆ ಪಿಡಿಎಫ್ ಬರುತ್ತಿಲ್ಲ, ನೋಡಿ ಎಂದು ಹೇಳಿದರೆ ಅವರು ತಮ್ಮ ಗಣಕದಲ್ಲಿರುವ ಮೂಲ ಫೈಲನ್ನು ತೆರೆದು, ನಮ್ಮಲ್ಲಿ ಸರಿಯಾಗಿದೆ, ನಿಮ್ಮ ಆ್ಯಪ್ ಬದಲಿಸಿ ಎನ್ನುತ್ತಾರೆ. ಅದರ ಬದಲು ಕಾರ್ಯದರ್ಶಿ ಬರೆಯಬೇಕಾದದ್ದು ಇಷ್ಟು: ಕಳಿಸಿದ್ದು 1.2 ಎಂಬಿ, ತಲುಪಿದ್ದು 2.1 ಎಂಬಿ, ಎರಡನೆಯ ಸಾಲಿನ `B5` ಇರಬೇಕಾದಲ್ಲಿ `EF BF BD` ಇದೆ, ಲಗತ್ತನ್ನು ಪಠ್ಯವಾಗಿ ಓದುತ್ತಿದ್ದೀರಿ, ಬೈಟುಗಳಾಗಿ ಓದಿ. ಇಷ್ಟು ಬರೆದರೆ ತಿದ್ದಬೇಕಾದ ಸಾಲು ಯಾವುದೆಂದು ಅವರಿಗೆ ಗೊತ್ತಾಗುತ್ತದೆ.